ಲಿವರ್ ಸತ್ತಿದೆ ಅಂದ ಮಾವ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಇರುವವರು ಮಾತಿಗೆ ಕೂತರೆ ಯಾವ ವಿಮಾನ ಚೆಂದ, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತಲೇ ಶುರು ಮಾಡ್ತಾರೆ. ಕೈಯಲ್ಲಿ ಹಿಡಿದಿರೋ ಜಾಯ್‌ಸ್ಟಿಕ್ಕನ್ನು ಸರಿಯಾಗಿ ಹೊಂದಿಸಿಕೊಂಡಿದ್ದೀರಾ ಅಂತ ಯಾರೂ ಕೇಳೋದಿಲ್ಲ. ಅದನ್ನು ಡಬ್ಬದಿಂದ ತೆಗೆದು ಯುಎಸ್‌ಬಿಗೆ ಸಿಕ್ಕಿಸಿದರೆ ಮುಗೀತು ಅಂತ ಲೆಕ್ಕ. ವಿಮಾನ ರನ್‌ವೇ ಮೇಲೆ ಕುಡಿದವನ ಹಾಗೆ ಹಾವಾಡಿದರೆ "ನಂಗೆ ಹಾರಿಸೋಕೆ ಬರಲ್ಲ" ಅಂತ ಬಿಟ್ಟುಬಿಡ್ತಾರೆ. ಎಷ್ಟೋ ಸಲ ತಪ್ಪು ಹಾರಿಸೋರದ್ದಲ್ಲ, ಸೆಟ್ಟಿಂಗ್‌ನಲ್ಲಿರುವ ಎರಡು ಅಂಕಿಗಳದ್ದು. ಒಂದರ ಹೆಸರು ಡೆಡ್ ಝೋನ್, ಇನ್ನೊಂದರದ್ದು ಕರ್ವ್.

ಈ ಆಟದ ಪರಿಚಯವೇ ಇಲ್ಲದವರಿಗೆ ನಾಲ್ಕು ಮಾತು. ಸಾಮಾನ್ಯ ಜಾಯ್‌ಸ್ಟಿಕ್ಕಿನಲ್ಲಿ ನಾಲ್ಕು ಚಲನೆ ಇರುತ್ತವೆ, ಒಂದೊಂದಕ್ಕೂ ಆಕ್ಸಿಸ್ ಅಂತ ಹೆಸರು. ಕೋಲನ್ನು ಎಡಬಲಕ್ಕೆ ವಾಲಿಸಿದರೆ ವಿಮಾನದ ರೆಕ್ಕೆ ವಾಲುತ್ತೆ. ಹಿಂದೆ ಎಳೆದರೆ ಮೂತಿ ಮೇಲೆ, ಮುಂದೆ ತಳ್ಳಿದರೆ ಕೆಳಗೆ. ಕೋಲನ್ನೇ ತಿರುಚಿದರೆ ಬಾಲದ ರಡ್ಡರ್ ತಿರುಗುತ್ತೆ. ನಿಜವಾದ ವಿಮಾನದಲ್ಲಿ ಇದು ಕಾಲಿನ ಕೆಲಸ, ಇಲ್ಲಿ ಪೆಡಲ್ ಇಲ್ಲದ್ದರಿಂದ ಮಣಿಕಟ್ಟಿಗೆ ಬಂದಿದೆ. ಬುಡದಲ್ಲಿರೋ ಚಿಕ್ಕ ಲಿವರ್ರು ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ. ಕೋಲಿನ ಸ್ಥಾನವನ್ನು ಕಂಪ್ಯೂಟರ್ -1ರಿಂದ +1ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತೆ. ನಡುವೆ ಬಿಟ್ಟರೆ 0.

ಈಗ ನನ್ನ ಸೋದರಮಾವನ ವಿಷಯ. ಮಾವ ಕೆಜಿಎಫ್‌ನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಜನರನ್ನೂ ಅದಿರನ್ನೂ ಕೇಜಿನಲ್ಲಿ ಇಳಿಸಿ ಏರಿಸೋ ಯಂತ್ರದ ಮುಂದೆ ಕೂತು, ಗಂಟೆ ಸಿಗ್ನಲ್ ಕೇಳ್ತಾ, ಡಯಲ್ ನೋಡ್ತಾ, ಲಿವರ್ ಹಿಡಿಯೋದು ಅವರ ಕೆಲಸ. ಕೇಜು ಕಣ್ಣಿಗೆ ಕಾಣೋದಿಲ್ಲ, ಲಿವರೇ ಎಲ್ಲ. 2001ರ ಫೆಬ್ರವರಿ 28ಕ್ಕೆ ಕಂಪನಿ ಮುಚ್ಚಿತು. ಮಾವ ಬಂಗಾರಪೇಟೆಗೆ ಬಂದು ಸ್ಟೇಷನ್ ಕಡೆ ಮನೆ ಮಾಡಿಕೊಂಡರು. ಈಗ ವಯಸ್ಸು ಎಪ್ಪತ್ತರ ಆಸುಪಾಸು, ಬಲಗೈ ಸ್ವಲ್ಪ ನಡುಗುತ್ತೆ. ಕಾಫಿ ಲೋಟ ಹಿಡಿದರೆ ಗೊತ್ತಾಗುತ್ತೆ, ನಾವ್ಯಾರೂ ಅದರ ಸುದ್ದಿ ಎತ್ತೋದಿಲ್ಲ.

ಅವರ ಮೊಮ್ಮಗ ಹಾಸ್ಟೆಲ್ಲಿಗೆ ಹೋಗುವ ಮೊದಲು ತಾತನ ಕಂಪ್ಯೂಟರಿಗೆ ಫ್ಲೈಟ್‌ಗೇರ್ ಹಾಕಿಕೊಟ್ಟಿದ್ದ. ಅದು ಉಚಿತ, ಹಳೇ ಮಿಷನ್ನಿನಲ್ಲೂ ಓಡುತ್ತೆ. ಮಾವನಿಗೆ ಇದ್ದಿದ್ದು ಒಂದೇ ಆಸೆ. ಬೆಂಗಳೂರಿನಿಂದ ಹೊರಟು ಬಂಗಾರಪೇಟೆ ಮೇಲೆ ಬಂದು, ಕೆಜಿಎಫ್ ಸುತ್ತ ಒಂದು ರೌಂಡ್ ಹೊಡೆಯಬೇಕು. ಭೂಮಿಯ ಒಳಗಿನ ಕೆಜಿಎಫ್ ಅಷ್ಟು ವರ್ಷ ನೋಡಿದ್ದಾಯಿತು, ಮೇಲಿಂದ ಒಂದ್ಸಲ ನೋಡಬೇಕು ಅಂತ. ಎಷ್ಟು ದಿನ ಕೂತರೂ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುತ್ತಿತ್ತು. ಹೇಗೋ ಮೇಲೆದ್ದರೆ ಮೂತಿ ಅಲೆಯ ಮೇಲಿನ ದೋಣಿ ಥರ ಏಳೋದು ಬೀಳೋದು. "ಕೈ ನಡುಗುತ್ತಲ್ಲಪ್ಪಾ, ಇನ್ನು ಈ ಆಟ ನಂಗಲ್ಲ" ಅಂತ ಮಾವ ಮೂಲೆಗೆ ಇಟ್ಟುಬಿಟ್ಟಿದ್ದರು. ಅತ್ತೆ ಫೋನಿನಲ್ಲಿ ಹೇಳಿದ್ದರಿಂದ ಒಂದು ಭಾನುವಾರ ಹೋದೆ.

ನಾನು ಹೋಗಿ ಕೂತು ಇನ್ನೂ ಏನೂ ಮುಟ್ಟಿರಲಿಲ್ಲ. ಮಾವ ಥ್ರಾಟಲ್ ಲಿವರನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಾ, "ನೋಡೋ ಇಲ್ಲಿ, ಈ ಲಿವರ್ ಮಧ್ಯದಲ್ಲಿ ಸತ್ತಿದೆ. ಇಲ್ಲಿಂದ ಇಲ್ಲಿಗೆ ತಂದ್ರೂ ಎಂಜಿನ್ ಸೌಂಡ್ ಬದಲಾಗಲ್ಲ. ವೈಂಡರ್‌ನಲ್ಲಿ ಹಿಂಗಿದ್ರೆ ನಾನು ಶಿಫ್ಟೇ ತಗೊಳ್ತಿರಲಿಲ್ಲ" ಅಂದರು. ಸರಿಯಾಗಿ ಕಾಲು ಭಾಗ ತೋರಿಸಿದ್ದರು ಬೆರಳಿನಲ್ಲಿ! ಫೈಲ್ ತೆಗೆದು ನೋಡಿದರೆ ಹುಡುಗ ನಾಲ್ಕೂ ಆಕ್ಸಿಸ್‌ಗೆ 0.25 ಡೆಡ್ ಝೋನ್ ಕೊಟ್ಟಿದ್ದ. ಮುಟ್ಟದಿದ್ದರೂ ವಿಮಾನ ಒಂದು ಕಡೆಗೆ ಎಳೆಯುತ್ತಿತ್ತಂತೆ, ಅದಕ್ಕೆ ಎಲ್ಲದಕ್ಕೂ ಒಂದೇ ಔಷಧಿ. ನಮ್ಮೂರ ಕಡೆ ಹಳೇ ಆರ್‌ಎಂಪಿ ಡಾಕ್ಟರುಗಳು ಯಾವ ಕಾಯಿಲೆಗೂ ಅದೇ ಕೆಂಪು ನೀರಿನ ಬಾಟಲಿ ಕೊಡುತ್ತಿದ್ದ ಹಾಗೆ :-)

ಡೆಡ್ ಝೋನ್ ಅಂದರೆ ಏನು ಅಂತ ತಿಳಿಯಲು ಸ್ಕೂಟರಿನ ಕ್ಲಚ್ ನೆನಪಿಸಿಕೊಳ್ಳಿ. ಲಿವರ್ ಹಿಡಿದ ಕೂಡಲೇ ಕ್ಲಚ್ ಬಿಡೋದಿಲ್ಲ, ಮೊದಲು ಒಂದಿಷ್ಟು ಫ್ರೀ ಪ್ಲೇ ಇರುತ್ತೆ. ಜಾಯ್‌ಸ್ಟಿಕ್ಕಿನಲ್ಲೂ ಹಾಗೇ, ನಡುಬಿಂದುವಿನ ಎರಡೂ ಕಡೆ ಇಷ್ಟು ದೂರದವರೆಗೆ ಕೋಲು ಅಲ್ಲಾಡಿದರೂ ಅದನ್ನು ಸೊನ್ನೆ ಅಂತಲೇ ಓದು ಅಂತ ಹೇಳೋದು ಡೆಡ್ ಝೋನ್. ಇದು ಯಾಕೆ ಬೇಕು ಅಂದರೆ, ಕೋಲನ್ನು ಬಿಟ್ಟಾಗ ಸ್ಪ್ರಿಂಗು ಅದನ್ನು ಪ್ರತಿಸಲ ಅದೇ ಜಾಗಕ್ಕೆ ತಂದು ನಿಲ್ಲಿಸೋದಿಲ್ಲ. ಅಂದರೆ ಡೆಡ್ ಝೋನ್ ಇರೋದು ಸಲಕರಣೆಯ ದೋಷಕ್ಕೆ. ನಮ್ಮ ಕೈಯ ದೋಷಕ್ಕಲ್ಲ. ಮಾವನ ಕೇಸಿನಲ್ಲಿ ಇದೇ ಮುಖ್ಯ, ಆಮೇಲೆ ಬರ್ತೀನಿ.

ಥ್ರಾಟಲ್ಲಿಗೆ ಸ್ಪ್ರಿಂಗೇ ಇಲ್ಲ, ಬಿಟ್ಟಲ್ಲಿ ನಿಲ್ಲುತ್ತೆ. ಅದಕ್ಕೆ ನಡುಬಿಂದು ಅನ್ನೋದೇ ಇಲ್ಲ. ಆದರೆ ಕಂಪ್ಯೂಟರಿಗೆ ಅದೂ -1ರಿಂದ +1ರ ಆಕ್ಸಿಸ್ ತಾನೇ? 0.25 ಡೆಡ್ ಝೋನ್ ಅಂದ ಕೂಡಲೇ ಅರ್ಧ ಶಕ್ತಿಯ ಹತ್ತಿರ ಲಿವರಿನ ಕಾಲು ಭಾಗ ಓಟ ಸತ್ತುಹೋಗುತ್ತೆ. ಮಾವ ಬೆರಳಿಟ್ಟು ತೋರಿಸಿದ್ದು ಅದನ್ನೇ. ಆ ಸಾಲನ್ನು ಅಳಿಸಿದೆ, ಲಿವರ್ ಬದುಕಿತು.

ಉಳಿದ ಮೂರಕ್ಕೆ ಎಷ್ಟಿಡಬೇಕು? ಅಂದಾಜಿನಲ್ಲಿ ಇಡಬಾರದು, ಅಳೆಯಬೇಕು. ಫ್ಲೈಟ್‌ಗೇರ್ ಜೊತೆ `js_demo` ಅಂತ ಒಂದು ಪುಟ್ಟ ಪ್ರೋಗ್ರಾಮ್ ಬರುತ್ತೆ. ಓಡಿಸಿದರೆ ಕಪ್ಪು ಕಿಟಕಿಯಲ್ಲಿ ಒಂದೊಂದು ಆಕ್ಸಿಸ್‌ನ ಸಂಖ್ಯೆ ಓಡುತ್ತಿರುತ್ತೆ. ವಿಂಡೋಸಿನ `joy.cpl` ಕೂಡ ಕೋಲಿನ ಚಲನೆ ತೋರಿಸುತ್ತೆ, ಆದರೆ ಬರೀ ಗೆರೆ ಮತ್ತು ಪಟ್ಟಿ, ಅಳತೆಗೆ ಸಾಲದು. ಒಬ್ಬರು ಕೋಲು ಆಡಿಸಬೇಕು, ಒಬ್ಬರು ಬರೆದುಕೊಳ್ಳಬೇಕು. ಮಾವ ಆಡಿಸಿದರು, ನಾನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ.

ಎಡಕ್ಕೆ ಪೂರ್ತಿ ವಾಲಿಸಿ, ನಿಧಾನಕ್ಕೆ ತಂದು ಬಿಡೋದು. ಎಷ್ಟು ತೋರಿಸುತ್ತೆ ಬರೆಯೋದು. ಬಲಕ್ಕೆ ವಾಲಿಸಿ ಅದೇ ರೀತಿ ಬಿಡೋದು. ಹೀಗೆ ಹತ್ತು ಹತ್ತು ಸಲ. ವಾಲಿಸುವ ಎರಡೂ ಆಕ್ಸಿಸ್ ಒಳ್ಳೆಯದಾಗಿದ್ದವು, ಸೊನ್ನೆಯಿಂದ 0.015ರ ಒಳಗೇ ಬಂದು ನಿಲ್ಲುತ್ತಿದ್ದವು. ತಿರುಚುವ ಆಕ್ಸಿಸ್ ಹಾಗಲ್ಲ. ಎಡದಿಂದ ಬಂದಾಗ -0.05ರ ಹತ್ತಿರ, ಬಲದಿಂದ ಬಂದಾಗ +0.06ರ ಹತ್ತಿರ. ಅಗ್ಗದ ಜಾಯ್‌ಸ್ಟಿಕ್ಕುಗಳಲ್ಲಿ ಈ ಆಕ್ಸಿಸ್ ಮಾಮೂಲಾಗಿ ಒರಟು. ವಾಲಿಸುವುದನ್ನು 1024 ಮೆಟ್ಟಿಲಾಗಿ ಓದುವ ಕೋಲು, ತಿರುಚುವುದನ್ನು 256 ಮೆಟ್ಟಿಲಾಗಿ ಮಾತ್ರ ಓದೋದು ಇದೆ. ಒಂದು ಮೆಟ್ಟಿಲಿಗೇ ಸುಮಾರು 0.008 ಆಯಿತು.

ಇನ್ನೊಂದು ಅಳತೆ ಬಹಳ ಜನ ಮಾಡೋದಿಲ್ಲ. ಕೋಲನ್ನು ತಿರುಚದೆ ಬರೀ ಎಡಬಲಕ್ಕೆ ವಾಲಿಸುತ್ತಾ, ತಿರುಚುವ ಆಕ್ಸಿಸ್‌ನ ಸಂಖ್ಯೆಯನ್ನು ನೋಡಬೇಕು. ಮನುಷ್ಯರ ಮಣಿಕಟ್ಟಿನ ರಚನೆಯೇ ಹಾಗಿದೆ, ವಾಲಿಸುವಾಗ ಗೊತ್ತಿಲ್ಲದೆ ಒಂಚೂರು ತಿರುಗಿಯೇ ತಿರುಗುತ್ತೆ. ಮಾವನ ಕೈಯಲ್ಲಿ ಅದು 0.07ರವರೆಗೆ ಹೋಗುತ್ತಿತ್ತು. ಹಾಗೆ ಬಿಟ್ಟರೆ ರೆಕ್ಕೆ ವಾಲಿಸಿದಾಗಲೆಲ್ಲ ಕೇಳದೇ ರಡ್ಡರೂ ತಿರುಗುತ್ತೆ. ಹೀಗಾಗಿ ಡೆಡ್ ಝೋನ್ ಈ ಎರಡು ಅಳತೆಯಲ್ಲಿ ದೊಡ್ಡದಕ್ಕಿಂತ ಒಂದು ಕೂದಲು ಹೆಚ್ಚಿರಬೇಕು. ರಡ್ಡರಿಗೆ 0.08 ಇಟ್ಟೆ. ವಾಲಿಸುವ ಎರಡಕ್ಕೂ 0.03 ಸಾಕಾಯಿತು. ನೀವು ಮಾಡುವಾಗ ಆಟದ ಆಯ್ಕೆಗಳಲ್ಲಿ ಆಟೋ ಕೋಆರ್ಡಿನೇಷನ್ ಅನ್ನೋದು ಆಫ್ ಇದೆಯಾ ನೋಡಿಕೊಳ್ಳಿ. ಅದು ಆನ್ ಇದ್ದರೆ ಆಟವೇ ರೆಕ್ಕೆಯ ಜೊತೆ ರಡ್ಡರನ್ನು ತಿರುಗಿಸುತ್ತೆ, ನೀವು ಪಾಪದ ಮಣಿಕಟ್ಟನ್ನು ಬೈತಾ ಕೂರಬೇಕಾಗುತ್ತೆ.

ಸ್ವಲ್ಪ ಜಾಸ್ತಿನೇ ಇಟ್ಟರೆ ಏನು ನಷ್ಟ ಅಂತ ಕೇಳಬಹುದು. ನಡುವನ್ನು ದಾಟುವಾಗ ಗೊತ್ತಾಗುತ್ತೆ. ಇಳಿಯುವಾಗ ಮೂತಿಯನ್ನು ಒಂಚೂರು ಮೇಲೆ, ಒಂಚೂರು ಕೆಳಗೆ ಮಾಡ್ತಾ ಇರ್ತೀವಿ, ಕೋಲು ನಡುವಿನ ಆಚೀಚೆಯೇ ಓಡಾಡುತ್ತಿರುತ್ತೆ. ಅಲ್ಲಿ 0.25ರ ಡೆಡ್ ಝೋನ್ ಇದ್ದರೆ ಒಂದು ತುದಿಯಿಂದ ಇನ್ನೊಂದಕ್ಕೆ ಓಟದ ಕಾಲು ಭಾಗ ಖಾಲಿ ದಾರಿ. ಏನೂ ಆಗಲಿಲ್ಲ ಅಂತ ಇನ್ನಷ್ಟು ತಳ್ತೀವಿ, ಆಗ ಒಮ್ಮೆಲೇ ಆಗುತ್ತೆ, ಗಾಬರಿಯಾಗಿ ವಾಪಸ್ ಎಳೀತೀವಿ, ಮತ್ತೆ ಖಾಲಿ ದಾರಿ. ಮಾವನ ವಿಮಾನ ದೋಣಿಯ ಥರ ಆಡಿದ್ದರಲ್ಲಿ ದೊಡ್ಡ ಪಾಲು ಇದರದ್ದು. ನಡುಗುವ ಕೈಗಿಂತ ಜಾಸ್ತಿ.

ಕರ್ವ್‌ಗೆ ಬರೋಣ. ಕೋಲು ಅರ್ಧ ತಿರುಗಿದರೆ ರಡ್ಡರೂ ಅರ್ಧ ತಿರುಗಬೇಕು ಅನ್ನೋದು ನೇರ ಗೆರೆ. ವಿಮಾನದ ಉದ್ದನೆಯ ಹಿಡಿಗೆ ಇದು ಸರಿ, ಆದರೆ ಮೇಜಿನ ಮೇಲಿನ ಗಿಡ್ಡ ಕೋಲಿಗೆ ಕಷ್ಟ, ಬೆರಳಿನಷ್ಟು ಅಲ್ಲಾಡಿದರೂ ವಿಮಾನ ಜಿಗಿಯುತ್ತೆ. ಅದಕ್ಕೆ ಗೆರೆಯನ್ನು ಬಗ್ಗಿಸಿ ನಡುವೆ ಮಂದ ಮಾಡ್ತಾರೆ. ಫ್ಲೈಟ್‌ಗೇರ್‌ನಲ್ಲಿ ಸುಲಭದ ದಾರಿ ವರ್ಗ ಮಾಡೋದು, ಫೈಲಿನಲ್ಲಿ `<power>` ಅನ್ನೋ ಜಾಗದಲ್ಲಿ 2 ಅಂತ ಬರೆಯೋದು. ಆಗ 0.5 ತಿರುಚಿದರೆ 0.25 ಮಾತ್ರ ಹೋಗುತ್ತೆ. ಪೂರ್ತಿ ತಿರುಚಿದರೆ ಪೂರ್ತಿಯೇ. ಆದರೆ ಇದರಲ್ಲಿ ಬಿಟ್ಟಿ ಏನೂ ಸಿಗೋದಿಲ್ಲ. ನಡುವೆ ಎಷ್ಟು ಮಂದವಾಯಿತೋ ಅಷ್ಟು ತುದಿಯಲ್ಲಿ ಚುರುಕಾಗುತ್ತೆ.

ಮೊಮ್ಮಗನ ಫೈಲಿನಲ್ಲಿ ರಡ್ಡರಿಗೆ ಡೆಡ್ ಝೋನ್ 0.25, ಅದರ ಮೇಲೆ ವರ್ಗ ಬೇರೆ. ಲೆಕ್ಕ ಹಾಕಿ ನೋಡಿ. ಫ್ಲೈಟ್‌ಗೇರ್ ಡೆಡ್ ಝೋನನ್ನು ಕಳೆದು ಉಳಿದ ಓಟವನ್ನು ಮತ್ತೆ 0ರಿಂದ 1ಕ್ಕೆ ಹಿಗ್ಗಿಸುತ್ತೆ, ಹಾಗಾಗಿ ಅಂಚಿನಲ್ಲಿ ಜಿಗಿತ ಇರೋದಿಲ್ಲ. ಕೋಲು 0.4 ತಿರುಚಿದರೆ, 0.15ನ್ನು 0.75ರಿಂದ ಭಾಗಿಸಿ 0.2, ಅದರ ವರ್ಗ 0.04. ಹತ್ತರಲ್ಲಿ ನಾಲ್ಕು ಪಾಲು ತಿರುಚಿದರೂ ರಡ್ಡರ್ ನೂರಕ್ಕೆ ನಾಲ್ಕು ಮಾತ್ರ! 0.6 ತಿರುಚಿದರೆ 22, 0.8ಕ್ಕೆ 54. ಸೆಸ್ನಾ 172 ಪೂರ್ತಿ ಶಕ್ತಿ ಕೊಟ್ಟ ಕೂಡಲೇ ಎಡಕ್ಕೆ ಎಳೆಯುತ್ತೆ, ಬಲಗಡೆ ರಡ್ಡರ್ ಕೊಡಬೇಕು. ಮಾವ ಕೊಡ್ತಾರೆ, ಏನೂ ಆಗಲ್ಲ. ಇನ್ನೂ ಕೊಡ್ತಾರೆ, ಏನೂ ಆಗಲ್ಲ. ಇನ್ನೊಂಚೂರು ತಿರುಚಿದ ಕೂಡಲೇ ಬಲಕ್ಕೆ ಎಗರುತ್ತೆ. ನೆಲದ ಮೇಲೆ ಮುಂದಿನ ಚಕ್ರವೂ ರಡ್ಡರಿನ ಜೊತೆಗೇ ತಿರುಗುತ್ತೆ ನೋಡಿ, ನೇರ ಹುಲ್ಲಿಗೆ.

ವರ್ಗದ ತೊಂದರೆ ಅಂದರೆ ಅದು ನಡುವೆ ಪೂರ್ತಿ ಚಪ್ಪಟೆ, ಅದೇ ಇನ್ನೊಂದು ಡೆಡ್ ಝೋನ್ ಇದ್ದ ಹಾಗೆ. ನನಗೆ ಹಿಡಿಸಿದ್ದು ಅರ್ಧ ನೇರ ಗೆರೆ, ಅರ್ಧ ಘನ. ನಡುವೆ ಚುರುಕು ಅರ್ಧಕ್ಕೆ ಇಳಿಯುತ್ತೆ, ಸಾಯೋದಿಲ್ಲ. ಫ್ಲೈಟ್‌ಗೇರ್‌ನಲ್ಲಿ ಇದನ್ನು ಬರೆಯೋದು ಹೀಗೆ:

```xml
<axis n="3">
  <desc>Rudder</desc>
  <dead-band type="double">0.08</dead-band>
  <binding>
    <command>nasal</command>
    <script>
      var x = cmdarg().getNode("setting").getValue();
      setprop("/controls/flight/rudder", 0.5*x + 0.5*x*x*x);
    </script>
  </binding>
</axis>
```

ಫೈಲು ಇರೋದು ವಿಂಡೋಸಿನಲ್ಲಿ `%APPDATA%\flightgear.org\Input\Joysticks` ಒಳಗೆ. ಮುಟ್ಟುವ ಮೊದಲು ಒಂದು ಕಾಪಿ ಎತ್ತಿಟ್ಟುಕೊಳ್ಳಿ. ಆಕ್ಸಿಸ್ ಸಂಖ್ಯೆ 3 ಅಂತ ಕಣ್ಣುಮುಚ್ಚಿ ನಂಬಬೇಡಿ. ಅದೇ ಕೋಲಿನ ತಿರುಚುವ ಆಕ್ಸಿಸ್ ವಿಂಡೋಸಿನಲ್ಲಿ 3 ಆಗಿದ್ದರೆ ಲಿನಕ್ಸಿನಲ್ಲಿ 2 ಆಗಿರಬಹುದು, `js_demo` ನೋಡಿಯೇ ಬರೆಯಿರಿ. ಈ ಸೆಟ್ಟಿಂಗ್‌ನಲ್ಲಿ 0.4 ತಿರುಚಿದರೆ ರಡ್ಡರ್ ನೂರಕ್ಕೆ 19 ಅಥವಾ 20, 0.6ಕ್ಕೆ 37, 0.8ಕ್ಕೆ 63. ಕೈ ಕೇಳಿದ್ದಕ್ಕೆ ವಿಮಾನ ಉತ್ತರ ಕೊಡುತ್ತೆ. ಮೈಕ್ರೋಸಾಫ್ಟ್‌ನವರ 2020ರ ಸಿಮ್ಯುಲೇಟರ್ ಇರುವವರಿಗೆ ಈ ಬರವಣಿಗೆಯ ರಗಳೆ ಇಲ್ಲ, ಸೆನ್ಸಿಟಿವಿಟಿ ಪುಟದಲ್ಲಿ ಗೆರೆ ಬಗ್ಗೋದು ಕಣ್ಣಿಗೇ ಕಾಣುತ್ತೆ. ಲೆಕ್ಕಾಚಾರ ಮಾತ್ರ ಇದೇ.

ಲಿನಕ್ಸ್ ಬಳಸುವವರಿಗೆ ಇಲ್ಲೇ ಒಂದು ಎಚ್ಚರಿಕೆ. ಅಲ್ಲಿ ಕರ್ನಲ್ಲೇ ಮಾಮೂಲಾಗಿ ಜಾಯ್‌ಸ್ಟಿಕ್ಕಿಗೆ ತನ್ನದೊಂದು ಡೆಡ್ ಝೋನ್ ಇಟ್ಟಿರುತ್ತೆ. `evtest` ಓಡಿಸಿದರೆ 256 ಮೆಟ್ಟಿಲಿನ ಆಕ್ಸಿಸ್ ಮುಂದೆ `Flat 15` ಅಂತ ಕಾಣುತ್ತೆ. ನಡುವಿನಿಂದ ಆಚೀಚೆ ಹದಿನೈದು ಮೆಟ್ಟಿಲು, ಅಂದರೆ ನೂರಕ್ಕೆ ಹನ್ನೆರಡರಷ್ಟು. `/dev/input/js0` ಮೂಲಕ ಓದುವ ಪ್ರೋಗ್ರಾಮಿಗೆ ಇದು ಸೇರಿಕೊಂಡೇ ಬರುತ್ತೆ. ಅದರ ಮೇಲೆ ನೀವು ಇನ್ನಷ್ಟು ಸೇರಿಸಿದರೆ ಮಾವನ ಗತಿಯೇ.

ಈಗ ಕೈ ನಡುಗುವ ವಿಷಯ. ಡೆಡ್ ಝೋನ್ ಚಿಕ್ಕದು ಮಾಡಿದೆ, ಕರ್ವ್ ಹಾಕಿದೆ, ರನ್‌ವೇ ಮೇಲೆ ವಿಮಾನ ನೆಟ್ಟಗೆ ಓಡಿತು. ಮಾವ ಮೊದಲ ಸಲ ತಾವೇ ಮೇಲೆ ಏರಿಸಿದರು. ಆದರೆ ಏರುವಾಗ ಮೂತಿ ಒಂದೇ ಸಮ ಅದುರುತ್ತಿತ್ತು. "ನೋಡ್ದಾ, ಕೈದೇ ಇದು" ಅಂದರು. ಡೆಡ್ ಝೋನ್ ಜಾಸ್ತಿ ಮಾಡು, ನಡುಕ ಅದರೊಳಗೆ ಮುಳುಗಿಹೋಗಲಿ ಅಂತ ಅವರ ವಾದ. ಕೇಳೋಕೆ ಸರಿ ಅನ್ನಿಸುತ್ತೆ, ಮೊಮ್ಮಗನೂ ಹಾಗೇ ಯೋಚಿಸಿದ್ದಿರಬಹುದು. ಆದರೆ ಏರುವಾಗ ಕೋಲು ನಡುವಿನಲ್ಲಿ ಇರೋದೇ ಇಲ್ಲ. 0.2ರಷ್ಟು ಹಿಂದಕ್ಕೆ ಎಳೆದು ಹಿಡಿದಿರ್ತೀವಿ. ನಡುಗೋದು ಅಲ್ಲಿ, ಡೆಡ್ ಝೋನ್ ಇರೋದು ಸೊನ್ನೆಯ ಹತ್ತಿರ. ಬಂಗಾರಪೇಟೆಯಲ್ಲಿ ಮಳೆ ಬಂದರೆ ಮಾಲೂರಿನಲ್ಲಿ ಕೊಡೆ ಬಿಚ್ಚಿದ ಹಾಗೆ.

ಕರ್ವ್ ಸ್ವಲ್ಪ ಸಹಾಯ ಮಾಡುತ್ತೆ. ಮಾವನ ನಡುಕ `js_demo`ದಲ್ಲಿ ಆಚೀಚೆ 0.04ರಷ್ಟು ಕಾಣುತ್ತಿತ್ತು. ನೇರ ಗೆರೆಯಲ್ಲಿ ಅದು ಅಷ್ಟೇ ಆಗಿ ವಿಮಾನಕ್ಕೆ ಹೋಗುತ್ತೆ. ಅರ್ಧ ಘನದ ಗೆರೆಯಲ್ಲಿ, ಕೋಲು 0.2ರಲ್ಲಿದ್ದಾಗ ಸುಮಾರು 0.022ಕ್ಕೆ ಇಳಿಯುತ್ತೆ, ಹತ್ತಿರಹತ್ತಿರ ಅರ್ಧ. ಆದರೆ ಅದೇ ಕೋಲನ್ನು 0.8ಕ್ಕೆ ಎಳೆದಿಟ್ಟಾಗ ನಡುಕ 0.058 ಆಗಿ ದೊಡ್ಡದಾಗುತ್ತೆ, ಅಲ್ಲಿ ಗೆರೆ ಕಡಿದು. ಹಾಗಾದರೆ ಕೋಲನ್ನು ಆದಷ್ಟೂ ನಡುವಿನ ಹತ್ತಿರ ಇಟ್ಟುಕೊಳ್ಳುವ ದಾರಿ ಬೇಕು. ಅದಕ್ಕೆ ಇರೋದೇ ಟ್ರಿಮ್.

ಟ್ರಿಮ್ ಅಂದರೆ ಕೈ ಎಳೆದು ಹಿಡಿಯಬೇಕಾದ್ದನ್ನು ವಿಮಾನವೇ ಹಿಡಿದುಕೊಳ್ಳುವ ಹಾಗೆ ಮಾಡೋದು. ಫ್ಲೈಟ್‌ಗೇರ್‌ನಲ್ಲಿ `Home` ಮತ್ತು `End` ಕೀಲಿಗಳು. ಏರುವ ವೇಗಕ್ಕೆ ಬಂದ ಮೇಲೆ ಮೂತಿಯನ್ನು ಬೇಕಾದಲ್ಲಿ ಹಿಡಿದಿಟ್ಟು, ಟ್ರಿಮ್ಮನ್ನು ಒಂದೊಂದೇ ಸಲ ಒತ್ತುತ್ತಾ ಕೋಲನ್ನು ಸಡಿಲ ಬಿಡುತ್ತಾ ಬರಬೇಕು. ಕೋಲು ನಡುವಿಗೆ ಬಂದರೂ ಮೂತಿ ಅಲ್ಲೇ ನಿಂತಿದ್ದರೆ ಆಯಿತು. ಆಮೇಲೆ ಕೈ ತೆಗೆದುಬಿಡಬಹುದು. ಕೈಯೇ ಇಲ್ಲದಿದ್ದರೆ ನಡುಕ ಎಲ್ಲಿಂದ? ಮಾವ ಮೊದಲು ನಂಬಲಿಲ್ಲ, ಕೋಲಿನಿಂದ ಒಂದು ಗೇಣು ದೂರ ಕೈಯಿಟ್ಟುಕೊಂಡೇ ಕೂತಿದ್ದರು. ವಿಮಾನ ತನ್ನ ಪಾಡಿಗೆ ಏರುತ್ತಾ ಹೋಯಿತು. ಆಮೇಲೆ ಕೈಯನ್ನು ತೊಡೆ ಮೇಲೆ ಇಟ್ಟುಕೊಂಡರು.

ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕಿದೆ, ಪೂರ್ವಕ್ಕೆ ಹೊರಡುವಾಗ ಅದರ ಹೆಸರು 09. ಕೆಜಿಎಫ್ ಅದರ ನೇರ ಪೂರ್ವಕ್ಕೇ ಸುಮಾರು 65 ಕಿಲೋಮೀಟರ್ ದೂರದಲ್ಲಿದೆ. ಇದನ್ನು ನಕ್ಷೆಯಲ್ಲಿ ನೋಡಿದಾಗ ನನಗೇ ಆಶ್ಚರ್ಯ ಆಯಿತು. 09ರಿಂದ ಎದ್ದು ಎಲ್ಲೂ ತಿರುಗದೆ 90 ಡಿಗ್ರಿಗೆ ಹೋಗುತ್ತಿದ್ದರೆ ಸೆಸ್ನಾದಲ್ಲಿ ಇಪ್ಪತ್ತು ನಿಮಿಷಕ್ಕೆ ಕೆಜಿಎಫ್ ಬರುತ್ತೆ. ಚೆನ್ನೈ ಕಡೆಯ ರೈಲು ಹಳಿ ಕೆಲವು ಕಿಲೋಮೀಟರ್ ಎಡಕ್ಕೆ ಜೊತೆಯಲ್ಲೇ ಬರುತ್ತಿರುತ್ತೆ. ಮಾಲೂರು ಎಡಕ್ಕೆ, ಬಂಗಾರಪೇಟೆ ಎಡಕ್ಕೆ. ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕವಲು ಹಳಿ ಬಲಕ್ಕೆ ಇಳಿದು ಬಂದು ನಮ್ಮ ದಾರಿಗೆ ಅಡ್ಡ ಸಿಗುತ್ತೆ. ಕೋರಮಂಡಲ್, ಊರಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಸ್ಟೇಷನ್ನುಗಳು. ಮಾವ ಅಷ್ಟು ವರ್ಷ ಶಿಫ್ಟಿಗೆ ಓಡಾಡಿದ ದಾರಿ.

ಹೊರಟರೆ ಒಂದು ಹೊಸ ತೊಂದರೆ. ಹಳ್ಳಿಗಳ ಮೇಲೆ ಹೋಗುತ್ತಿರುವಾಗ ವಿಮಾನದ ಬಾಲ ಇದ್ದಕ್ಕಿದ್ದಂತೆ ಒಂದು ಕಡೆಗೆ ಒದೆಯುತ್ತಿತ್ತು, ಮರುಕ್ಷಣ ಸರಿ. ಇದು ಡೆಡ್ ಝೋನಿನ ಕಾಯಿಲೆ ಅಲ್ಲ. ಪತ್ತೆ ಮಾಡೋದು ಸುಲಭ, `js_demo` ಇಟ್ಟುಕೊಂಡು ಕೋಲನ್ನು ತುದಿಯಿಂದ ತುದಿಗೆ ಬಹಳ ನಿಧಾನವಾಗಿ ತಿರುಚಬೇಕು. ಸಂಖ್ಯೆ ನಯವಾಗಿ ಏರಬೇಕು. ಇಲ್ಲಿ 0.3ರ ಹತ್ತಿರ ಬಂದಾಗ ಒಮ್ಮೆಲೇ 0.7 ತೋರಿಸಿ ವಾಪಸ್ ಬರುತ್ತಿತ್ತು, ನಡುವಿನ ಹತ್ತಿರವೂ ಒಂದೆರಡು ಸಲ. ಕೋಲಿನೊಳಗಿರುವ ಪೊಟೆನ್ಶಿಯೋಮೀಟರಿನಲ್ಲಿ ಧೂಳು. ಈ ಕೋಲು ಮೊದಲು ಕೆಜಿಎಫ್‌ನಲ್ಲಿ ಮೊಮ್ಮಗನ ಗೆಳೆಯನ ಮನೆಯಲ್ಲಿತ್ತಂತೆ. ಆಷಾಢದ ಗಾಳಿಗೆ ಸೈನೈಡ್ ದಿಬ್ಬದ ಹಿಟ್ಟಿನಂಥ ಧೂಳು ಮುಚ್ಚಿದ ಬೀರುವಿನೊಳಗೂ ಬರುವ ಊರು ಅದು, ಜಾಯ್‌ಸ್ಟಿಕ್ ಯಾವ ಲೆಕ್ಕ. ಎರಡೂ ತುದಿಗೆ ಮೂವತ್ತು ನಲವತ್ತು ಸಲ ತಿರುಚಿದರೆ ಎಷ್ಟೋ ಸಲ ತಾತ್ಕಾಲಿಕವಾಗಿ ಸರಿಹೋಗುತ್ತೆ, ಇಲ್ಲಿಯೂ ಹೋಯಿತು. ಆಗಲಿಲ್ಲ ಅಂದರೆ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ಸವೆದೇ ಹೋಗಿದ್ದರೆ ಯಾವ ಸೆಟ್ಟಿಂಗೂ ಉಳಿಸೋದಿಲ್ಲ.

ಎರಡನೇ ಸಲಕ್ಕೆ ಕೆಜಿಎಫ್ ಮುಟ್ಟಿದರು. ಫ್ಲೈಟ್‌ಗೇರ್‌ನ ಮಾಮೂಲಿ ನೆಲದ ಚಿತ್ರದಲ್ಲಿ ಊರು ಗುರುತೇ ಸಿಗೋದಿಲ್ಲ, ಎಲ್ಲ ಹಸಿರು ಚೌಕಗಳು. ಅದಕ್ಕೇ ಉಪಗ್ರಹ ಚಿತ್ರ ಹೊದಿಸಿದ ನೆಲವನ್ನು ಮೊದಲೇ ಹಾಕಿಟ್ಟಿದ್ದೆ, ದಿಬ್ಬಗಳು ಬೆಳ್ಳಗೆ ಕಂಡವು. ಮಾವ ಟ್ರಿಮ್ ಮಾಡಿ, ಒಂಚೂರು ವಾಲಿಸಿ, ಒಂಚೂರು ರಡ್ಡರ್ ಕೊಟ್ಟು ಸುತ್ತ ತಿರುಗಿಸಿದರು. ಮೊದಲಿದ್ದ ಸೆಟ್ಟಿಂಗ್‌ನಲ್ಲಿ ಈ "ಒಂಚೂರು" ಅನ್ನೋದೇ ಸಾಧ್ಯ ಇರಲಿಲ್ಲ. ಮಾತಾಡಲಿಲ್ಲ. ಮೂರನೇ ಸುತ್ತಿನಲ್ಲಿ "ಇಷ್ಟೇನಾ? ಇಷ್ಟೇ ಇಷ್ಟು ಜಾಗಾನಾ?" ಅಂದರು. ಕೆಳಗೆ ಮೂರು ಕಿಲೋಮೀಟರ್ ಇಳಿಸಿದವರಿಗೆ ಮೇಲಿಂದ ಕಂಡ ಅಗಲ ಸಾಲಲಿಲ್ಲ ಅಂತ ಕಾಣುತ್ತೆ.

ಇಳಿಸುವಾಗ ಮತ್ತೊಂದು ಅಡ್ಡಿ. ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದರೂ ಎಂಜಿನ್ ಪೂರ್ತಿ ಇಳಿಯುತ್ತಿರಲಿಲ್ಲ, ವಿಮಾನ ರನ್‌ವೇ ಮೇಲೆ ತೇಲಿಕೊಂಡೇ ಹೋಗುತ್ತಿತ್ತು. ಥ್ರಾಟಲ್ಲಿಗೆ ನಡುವೆ ಡೆಡ್ ಝೋನ್ ಬೇಡ ಅಂದೆನಲ್ಲ, ತುದಿಗಳಲ್ಲಿ ಬೇಕು. ಈ ಲಿವರ್ ಹಿಂದಿನ ತುದಿಯಲ್ಲಿ +1 ಬದಲು 0.97 ತೋರಿಸುತ್ತಿತ್ತು, ಮುಂದಿನ ತುದಿಯಲ್ಲಿ -0.99. ಫ್ಲೈಟ್‌ಗೇರ್‌ನ ಮಾಮೂಲಿ ಫೈಲಿನಲ್ಲಿ ಇದಕ್ಕೆ offset -1, factor -0.5 ಇರುತ್ತೆ. 0.97ಕ್ಕೆ -1 ಸೇರಿಸಿ -0.5ರಿಂದ ಗುಣಿಸಿದರೆ 0.015, ಅಂದರೆ ಒಂಚೂರು ಶಕ್ತಿ ಉಳಿದೇ ಉಳಿಯುತ್ತೆ. ಹೀಗೆ ಬದಲಿಸಿದೆ:

```xml
<offset type="double">-0.96</offset>
<factor type="double">-0.52</factor>
```

ಈಗ ತುದಿಗೆ ಬರುವ ಒಂದು ಕೂದಲು ಮೊದಲೇ ಸೊನ್ನೆ ಮುಟ್ಟುತ್ತೆ, ಮುಂದೆಯೂ ಪೂರ್ತಿ 1 ಸಿಗುತ್ತೆ. ಅದರಾಚೆ ಹೋದದ್ದನ್ನು ಸಿಮ್ಯುಲೇಟರ್ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಥ್ರಾಟಲ್ಲಿಗೆ ಕರ್ವ್ ಮಾತ್ರ ಹಾಕಬೇಡಿ. `<power>` 2 ಹಾಕಿದರೆ ಅದು ಲಿವರಿನ ನಟ್ಟನಡುವೆ ಚಪ್ಪಟೆ ಮಾಡುತ್ತೆ, ನೂರಕ್ಕೆ ಮೂವತ್ತು ಭಾಗ ಓಟಕ್ಕೆ ಶಕ್ತಿ ಒಂಬತ್ತು ಮಾತ್ರ ಬದಲಾಗುತ್ತೆ. ಮಾವನ ಭಾಷೆಯಲ್ಲಿ ಹೇಳೋದಾದರೆ ಮತ್ತೆ ಸತ್ತ ಲಿವರು.

ಇನ್ನೂ ಬಗೆಹರಿಯದೇ ಉಳಿದಿರೋದು ಅಡ್ಡಗಾಳಿ. ಇಳಿಯುವಾಗ ಒಂದು ಕಡೆ ವಾಲಿಸಿ, ಅದರ ವಿರುದ್ಧ ರಡ್ಡರ್ ಕೊಟ್ಟು ಹಿಡಿದಿರಬೇಕು. ಒಂದೇ ಮಣಿಕಟ್ಟು ಎಡಕ್ಕೆ ವಾಲಿ ಬಲಕ್ಕೆ ತಿರುಚೋದು ನನಗೇ ಕಷ್ಟ, ಮಾವನಿಗೆ ಇನ್ನೂ ಕಷ್ಟ. ಕೋಲಿನಿಂದ ರಡ್ಡರನ್ನು ಬೇರೆ ಮಾಡಿ ಕಾಲಿಗೆ ಕೊಡೋದೊಂದೇ ದಾರಿ. ಪೆಡಲ್ ಆದರೆ ವಾಲಿಸುವ ಕೈಯ ತಿರುಚು ಅದಕ್ಕೆ ತಗಲೋದಿಲ್ಲ, ಡೆಡ್ ಝೋನ್ 0.08ರಿಂದ 0.03ರ ಹತ್ತಿರಕ್ಕೆ ಇಳಿಸಬಹುದು. ಅಂಗಡಿಯ ಪೆಡಲ್ಲಿನ ಬೆಲೆ ಕೇಳಿ ಮಾವ ಬೇಡ ಅಂದರು. ಹಳೇ ಪೊಟೆನ್ಶಿಯೋಮೀಟರ್, ಬಾಗಿಲಿನ ಸ್ಪ್ರಿಂಗು, ಮರದ ಹಲಗೆ ಸಾಕಂತೆ. ಮೊನ್ನೆ ಫೋನ್ ಮಾಡಿ, ಸ್ಪ್ರಿಂಗು ಎಷ್ಟು ಬಿಗಿ ಇರಬೇಕು, ನಡುವಿಗೆ ಬಂದು ನಿಲ್ಲೋದನ್ನ ಹೆಂಗೆ ಅಳೆಯೋದು ಅಂತ ಕೇಳಿದರು. ಹತ್ತು ಸಲ ಎಡದಿಂದ, ಹತ್ತು ಸಲ ಬಲದಿಂದ ಬಿಟ್ಟು ಬರೆದುಕೊಳ್ಳಿ ಮಾವ ಅಂದೆ. "ಬರ್ಕೊಂಡಿದೀನಿ ಕಣೋ, ಅದನ್ನೇ ಓದಿ ಹೇಳೋಣ ಅಂತ ಫೋನ್ ಮಾಡಿದ್ದು" ಅಂದರು.